ಊಟದ ಮೇಲೆ ಎರಡು ಗಂಟೆ

ಅಪ್ಪ ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ರೀನ್‌ಶಾಟಿನಲ್ಲಿ ಅಮ್ಮ ಇಪ್ಪತ್ನಾಲ್ಕು ಅಂಕಿಗಳಾಗಿ ಕೂತಿದ್ದಳು. ಹನ್ನೆರಡು ದಿನ, ದಿನಕ್ಕೆರಡು. ಬೆಳಿಗ್ಗೆ ಆರಕ್ಕೆ ಖಾಲಿ ಹೊಟ್ಟೆಯ ಸಕ್ಕರೆ ತಪ್ಪದೆ ಒಂದು. ಊಟದ ಮೇಲಿನದು ಸರದಿಯ ಪ್ರಕಾರ ಒಂದು: ಇವತ್ತು ತಿಂಡಿಯ ನಂತರ, ನಾಳೆ ಮಧ್ಯಾಹ್ನ, ನಾಡಿದ್ದು ರಾತ್ರಿ. ಒಂದೇ ದಿನ ನಾಲ್ಕು ಸಲ ಬೆರಳು ಚುಚ್ಚುವುದು ಬೇಡವೆಂದು ಅರಸೀಕೆರೆಯ ಡಾಕ್ಟರು ಹೇಳಿಕೊಟ್ಟಿದ್ದ ಕ್ರಮ ಅದು. ಚಿತ್ರದ ಕೆಳಗೆ ಅಪ್ಪನ ಅಪ್ಪಣೆ: "ಸರಾಸರಿ ತೆಗ್ದು ಒಂದು ಹಾಳೇಲಿ ನೀಟಾಗಿ ಬರ್ಕೊಂಡು ಬಾ. ಸೋಮವಾರ ತೋರಿಸ್ಬೇಕು."

ನನ್ನ ಅಪ್ಪ ದೇವೀರಪ್ಪ ಮೂವತ್ನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಅವನಿಗೆ ಉಳಿದ ಒಬ್ಬಳೇ ಪ್ರಯಾಣಿಕಳು ಅಮ್ಮ. ಸಕ್ಕರೆ ಅಳೆಯುವ ಮಿಷನ್ನು, ಫೋನಿನ ಆ್ಯಪು, ಅಲಾರಮ್ಮು ಎಲ್ಲ ಅವನ ಸುಪರ್ದಿನಲ್ಲಿದ್ದವು. ಮಧ್ಯಾಹ್ನ ಒಂದೂವರೆಗೆ ಊಟ, ಮೂರೂವರೆಗೆ ಚುಚ್ಚುವುದು. ರಾತ್ರಿ ಎಂಟಕ್ಕೆ ಮಾತ್ರೆ, ಎಂಟು ಹತ್ತಕ್ಕೆ ಊಟ, ಹತ್ತು ಹತ್ತಕ್ಕೆ ಚುಚ್ಚುವುದು. ಒಂದು ನಿಮಿಷ ಅತ್ತಿತ್ತ ಇಲ್ಲ.

ನಾನು ಅರಸೀಕೆರೆಯ ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳುವವಳು. ಸರಾಸರಿ ನನಗೇನು ಕಷ್ಟವಲ್ಲ. ಭಾನುವಾರ ಬೆಳಿಗ್ಗೆ ಹಳೇಬೀಡಿನ ಬಸ್ಸು ಬಾಣಾವರ ದಾಟುವಷ್ಟರಲ್ಲಿ ಖಾಲಿ ಹೊಟ್ಟೆಯ ಹನ್ನೆರಡನ್ನೂ ಕೂಡಿದ್ದೆ: ಸಾವಿರದ ನಾನೂರ ಮೂವತ್ನಾಲ್ಕು. ಹನ್ನೆರಡರಿಂದ ಭಾಗಿಸಿದರೆ ನೂರ ಹತ್ತೊಂಬತ್ತೂವರೆ. ಪರವಾಗಿಲ್ಲ. ಜಾವಗಲ್ಲಿಗೆ ಬರುವ ಹೊತ್ತಿಗೆ ಊಟದ ಮೇಲಿನ ಹನ್ನೆರಡೂ ಮುಗಿದವು: ಸರಾಸರಿ ಇನ್ನೂರ ಏಳು. ಇದು ಪರವಾಗಿಲ್ಲ ಅನ್ನುವ ಹಾಗಿರಲಿಲ್ಲ.

ಮನೆಗೆ ಹೋಗಿ ಹಾಳೆ ಕೊಟ್ಟೆ. ಅಪ್ಪ ಕನ್ನಡಕ ಏರಿಸಿ ನೋಡಿದ. ಆಮೇಲೆ ದನಿಯನ್ನು ಮೂಗಿಗೆ ಏರಿಸಿಕೊಂಡು ಅರಸೀಕೆರೆಯ ಡಾಕ್ಟರು ಉಮಾಶಂಕರ್ ಆದ. "ನೋಡಿ ಲಲಿತಮ್ಮ, ಊಟದ ಮೇಲಿಂದು ನೂರ ಎಂಬತ್ತು ದಾಟ್ತಾನೇ ಇದ್ರೆ ರಾತ್ರಿ ಮಾತ್ರೆ ಡಬಲ್ ಮಾಡ್ಬೇಕಾಗುತ್ತೆ, ಗೊತ್ತಾಯ್ತಾ?" ಆ 'ಗೊತ್ತಾಯ್ತಾ'ದ ಕೊನೆಯಲ್ಲಿ ಡಾಕ್ಟರು ಪೆನ್ನಿನ ಗುಂಡಿ ಒತ್ತುವ ಸದ್ದೂ ಬಂತು. ಅಪ್ಪನ ಅವ್ವ, ನನ್ನ ಅಜ್ಜಿ, ಬೊಚ್ಚು ಬಾಯಲ್ಲಿ ನಕ್ಕಳು. ಅಮ್ಮ ನಗಲಿಲ್ಲ.

"ಡಬಲ್ ಬ್ಯಾಡ ಕಣ್ರೀ," ಎಂದಳು. "ಈಗಿರೋದೇ ತಡಿಯಕ್ಕಾಗಲ್ಲ."

"ತಡಿಯಕ್ಕಾಗ್ದಿದ್ರೆ ಬೆಲ್ಲ ಬಿಡು." ಅಪ್ಪ ತನ್ನ ದನಿಗೆ ಇಳಿದ. "ಸಿರಿ, ನಿಮ್ಮವ್ವ ಅಕ್ಕಿ ಡಬ್ಬದ ಹಿಂದೆ ಬೆಲ್ಲ ಮಡಗವ್ಳೆ. ಮೊನ್ನೆ ಕೈಗೇ ಸಿಕ್ತು. ನಾನು ಮಿಷನ್ ಹಿಡ್ಕೊಂಡು ಬಡ್ಕೋತೀನಿ, ಇವ್ಳು ಟಿಕೆಟ್ ಇಲ್ದೆ ಪ್ರಯಾಣ ಮಾಡ್ತವ್ಳೆ."

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಕದ್ದು ತಿನ್ನುವ ಅಭ್ಯಾಸ ಇದ್ದವಳಲ್ಲ ಅವಳು. ಆದರೆ ಇಲ್ಲ ಅಂತಲೂ ಹೇಳಲಿಲ್ಲ.

"ಇವತ್ತು ನಿನ್ನ ಕಣ್ಮುಂದೇನೇ ಮಧ್ಯಾಹ್ನದ್ದೊಂದು ನೋಡ್ಬಿಡಾನ," ಎಂದ ಅಪ್ಪ. "ಬೆಲ್ಲದ ಡಬ್ಬ ನನ್ ಪಕ್ಕದಲ್ಲೇ ಇರ್ಲಿ."

ಒಂದೂವರೆಗೆ ಸಾಲಾಗಿ ಕೂತೆವು: ಅಪ್ಪ, ಅಜ್ಜಿ, ನಾನು. ರಾಗಿಮುದ್ದೆ, ಹುರುಳಿಕಾಳಿನ ಸಾರು. ಅಮ್ಮ ಬಡಿಸಿದಳು. ಅಜ್ಜಿಗೆ ಕೈ ನಡುಗುತ್ತದೆ. ಅಮ್ಮ ಮುದ್ದೆಯನ್ನು ಸಣ್ಣ ಸಣ್ಣದಾಗಿ ಮುರಿದು, ಸಾರಿನಲ್ಲಿ ಅದ್ದಿ, ಒಂದೊಂದೇ ಬಾಯಿಗಿಡುತ್ತಾಳೆ. ಅಪ್ಪ ಎರಡನೇ ಸಲ ಸಾರು ಕೇಳಿದ, ನಾನು ಮಜ್ಜಿಗೆ ಕೇಳಿದೆ. ಉಂಡು ಕೈತೊಳೆದು, ಹಾಳೆ ಹಿಡಿದು ಜಗಲಿಗೆ ಬಂದೆ.

ಒಟ್ಟು ಸರಾಸರಿ ಕೊಟ್ಟರೆ ಡಾಕ್ಟರು ಹೊತ್ತಿಗೆ ಹೊತ್ತಿನದು ಎಲ್ಲಿ ಎಂದು ಕೇಳಬಹುದು ಅನ್ನಿಸಿತು. ಸ್ಕ್ರೀನ್‌ಶಾಟನ್ನು ದೊಡ್ಡದು ಮಾಡಿಕೊಂಡು ಮೂರು ಹೊತ್ತನ್ನು ಮೂರು ಕಡೆ ಬರೆದೆ.

ತಿಂಡಿಯ ನಂತರ: 152, 161, 148, 159. ಸರಾಸರಿ ನೂರ ಐವತ್ತೈದು.

ಮಧ್ಯಾಹ್ನ: 238, 226, 154, 244. ಸರಾಸರಿ ಇನ್ನೂರ ಹದಿನೈದೂವರೆ.

ರಾತ್ರಿ: 251, 247, 262, 240. ಸರಾಸರಿ ಇನ್ನೂರ ಐವತ್ತು.

ಇನ್ನೂರ ಏಳು ಅನ್ನುವ ಒಂದೇ ಅಂಕಿಯೊಳಗೆ ಮೂರು ಬೇರೆ ಬೇರೆ ಹೆಂಗಸರು ಇದ್ದರು. ಬೆಳಗಿನವಳು ಚೆನ್ನಾಗಿದ್ದಳು. ರಾತ್ರಿಯವಳು ಕಾಯಿಲೆಯವಳು. ಮಧ್ಯಾಹ್ನದವಳಿಗೆ ಮಾತ್ರ ಒಂದು ದಿನ, ಮಂಗಳವಾರ, ಏನೋ ಆಗಿ ವಾಸಿಯಾಗಿತ್ತು. ಸರಾಸರಿ ಎಂಬ ಪದದಲ್ಲೇ 'ಸರಿ' ಇದೆ ಎಂದು ನಾನು ಮಕ್ಕಳಿಗೆ ತಮಾಷೆ ಮಾಡುವುದುಂಟು. ಮುಂದಿನ ವರ್ಷದಿಂದ ಮಾಡುವುದಿಲ್ಲ.

ಮೂರೂವರೆಗೆ ಅಲಾರಂ ಹೊಡೆಯಿತು. ಅಮ್ಮ ಸೋಪು ಹಾಕಿ ಕೈತೊಳೆದು, ಒರೆಸಿಕೊಂಡು ಬಂದಳು. ಅಪ್ಪ ಚುಚ್ಚಿ, ಹನಿಯನ್ನು ಪಟ್ಟಿಗೆ ತಾಗಿಸಿದ. ಇನ್ನೂರ ನಲವತ್ತೊಂದು.

"ನೋಡ್ದಾ?" ಎಂದ. ಆದರೆ ಬೆಲ್ಲದ ಡಬ್ಬ ಅವನ ತೊಡೆಯ ಪಕ್ಕದಲ್ಲೇ ಇತ್ತು, ಮುಚ್ಚಳ ತೆಗೆದಿರಲಿಲ್ಲ. ಅವನಿಗೂ ಅದು ಕಂಡಿತು.

ಅಮ್ಮನ ರವಿಕೆಯ ತೋಳಿನ ಮೇಲೆ ಸಾರಿನ ಹಸಿ ಕಲೆ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಅಮ್ಮ, ನೀನು ಊಟ ಮಾಡಿದ್ದು ಎಷ್ಟೊತ್ತಿಗೆ?"

"ಈಗ್ಲೇ ಕಣವ್ವ. ಅಜ್ಜಿಗೆ ತಿನ್ಸಿ, ಮಲಗ್ಸಿ, ತಟ್ಟೆ ಎತ್ತಿ ಕೂತೆ. ಎರಡೂಮುಕ್ಕಾಲು ಆಗಿತ್ತೇನೋ."

"ದಿನಾನೂ ಅಷ್ಟೊತ್ತಾಗುತ್ತಾ?"

"ಎಲ್ರುದೂ ಆಗ್ದೆ ನಾನು ಹೆಂಗೆ ಕೂತ್ಕಳ್ಳಿ?"

"ಮಂಗಳವಾರ?"

ಅವಳು ಯೋಚಿಸಿದಳು. "ಅವತ್ತು ನಿಮ್ಮಪ್ಪ ಅಜ್ಜಿನ ಕಾರಲ್ಲಿ ಕೂರಿಸ್ಕೊಂಡು ಬಾಣಾವರಕ್ಕೆ ಹೋಗಿದ್ರಲ್ಲ, ನೆಂಟ ರಾಜಶೇಖರನ ಮಗನ ನಿಶ್ಚಿತಾರ್ಥಕ್ಕೆ. ಒಬ್ಳೇ ಇದ್ದೆ. ಒಂದೂವರೆಗೇ ಉಂಡೆ. ಮೂರೂವರೆಗೆ ಚುಚ್ಕೊಂಡು ಇವ್ರಿಗೆ ಫೋನಲ್ಲಿ ಹೇಳ್ದೆ."

"ಏನು ಉಂಡೆ?"

"ಇದೇ ಮುದ್ದೆ, ಇದೇ ಸಾರು. ಇನ್ನೇನು ಹೋಳಿಗೆ ಮಾಡ್ಕೊಳ್ಳಾ ಒಬ್ಳಿಗೆ?"

"ಬೆಳಿಗ್ಗೆ?"

"ಬೆಳಿಗ್ಗೆ ಯಾರು ಸಾಲಾಗಿ ಕೂರ್ತಾರೆ? ಎಂಟಕ್ಕೆ ಮಾತ್ರೆ ನುಂಗಿ ಒಲೆ ಮುಂದೇನೇ ರೊಟ್ಟಿ ತಿಂದ್ಬಿಡ್ತೀನಿ."

ರಾತ್ರಿಯದನ್ನು ಕೇಳಲು ನನಗೆ ಭಯವಾಯಿತು. ಕೇಳಿದೆ. ಎಂಟಕ್ಕೆ ಅಪ್ಪ ಮಾತ್ರೆ ಕೈಗಿಡುತ್ತಾನೆ. ಊಟಕ್ಕೆ ಹತ್ತು ನಿಮಿಷ ಮುಂಚೆ ನುಂಗಬೇಕಾದ ಮಾತ್ರೆ ಅದು. ಅವಳು ನುಂಗುತ್ತಾಳೆ. ಆಮೇಲೆ ಬಡಿಸುತ್ತಾಳೆ, ಅಜ್ಜಿಗೆ ತಿನ್ನಿಸುತ್ತಾಳೆ, ನಾಳೆಗೆ ಹಾಲಿಗೆ ಹೆಪ್ಪು ಹಾಕುತ್ತಾಳೆ. ಅವಳು ತಟ್ಟೆಯ ಮುಂದೆ ಕೂರುವಾಗ ಒಂಬತ್ತೂವರೆ.

"ಒಂಬತ್ತರ ಹೊತ್ತಿಗೆ ಮೈಯೆಲ್ಲ ಬೆವರು ಕಿತ್ಕೊಂಡು ಬತ್ತೈತೆ," ಎಂದಳು ನೆಲ ನೋಡುತ್ತ. "ಕೈಕಾಲು ನಡುಗ್ತವೆ. ಒಲೆ ಝಳ ಅಂತ ಸುಮ್ನಿದ್ದೆ. ಒಂದ್ಸಲ ಒಂಚೂರು ಬೆಲ್ಲ ಬಾಯಿಗೆ ಹಾಕ್ಕೊಂಡೆ, ನಿಂತೋಯ್ತು. ಆಮೇಲೆ ಆ ಡಬ್ಬ ಅಲ್ಲೇ ಇಟ್ಕೊಂಡೆ."

ಅಪ್ಪ ಬೆಲ್ಲದ ಡಬ್ಬವನ್ನು ಎತ್ತಿ ಅಮ್ಮನ ಕಡೆ ಸರಿಸಿದ. ಯಾರ ದನಿಯನ್ನಾದರೂ ತೆಗೆದು ಮಾತಾಡಬಲ್ಲವನು ಅವನು. ಈಗ ತನ್ನದೇ ದನಿಯಲ್ಲಿ ಅಂದ:

"ಬಸ್ಸು ಟೈಮಿಗೆ ಸರಿಯಾಗಿ ಬಿಟ್ಟೆ. ಪ್ಯಾಸೆಂಜರ್ ಹತ್ತೇ ಇರ್ಲಿಲ್ಲ."

ಅವನನ್ನು ದೂರಲು ನನಗೆ ಬಾಯಿ ಬರಲಿಲ್ಲ. ಈ ಮನೆಯಲ್ಲಿ ಇಪ್ಪತ್ಮೂರು ವರ್ಷ ಉಂಡವಳು ನಾನು. ಎರಡು ಗಂಟೆ ಮುಂಚೆ, ಅಮ್ಮ ಇನ್ನೂ ಹಸಿದು ನಿಂತಿದ್ದಾಗ, ಮಜ್ಜಿಗೆ ಕೇಳಿ ಕುಡಿದು, ಅವಳ ಊಟದ ಮೇಲಿನ ಸರಾಸರಿ ತೆಗೆಯಲು ಜಗಲಿಗೆ ಬಂದು ಕೂತಿದ್ದೆ.

ಹಳೆಯ ಹಾಳೆ ಹರಿದೆ. ಹೊಸದರಲ್ಲಿ ಮೂರು ಹೊತ್ತನ್ನೂ ಬೇರೆ ಬೇರೆ ಬರೆದು, ಪಕ್ಕದಲ್ಲಿ ಒಂದು ಕಾಲಂ ಎಳೆದೆ: 'ಅಮ್ಮ ಉಂಡ ಸಮಯ'. ತಿಂಡಿಯದು ಮತ್ತು ಮಂಗಳವಾರದ ಮಧ್ಯಾಹ್ನದ್ದು ಮಾತ್ರ ನಿಜವಾದ ಎರಡು ಗಂಟೆಯವು. ಮಿಕ್ಕ ಮಧ್ಯಾಹ್ನಗಳು ಮುಕ್ಕಾಲು ಗಂಟೆಯವು, ರಾತ್ರಿಯವು ನಲವತ್ತು ನಿಮಿಷದವು. ಸಕ್ಕರೆ ಇನ್ನೂ ಏರುತ್ತಿರುವ ಹೊತ್ತು. ಕೆಳಗೆ ಬರೆದೆ: ರಾತ್ರಿ ಮಾತ್ರೆಗೂ ಊಟಕ್ಕೂ ನಡುವೆ ಒಂದೂವರೆ ಗಂಟೆ. ಒಂಬತ್ತಕ್ಕೆ ಬೆವರು, ನಡುಕ. ಬೆಲ್ಲ ತಿಂದರೆ ನಿಲ್ಲುತ್ತದೆ.

ಸೋಮವಾರ ಅರಸೀಕೆರೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ಮೊದಲು ಅಪ್ಪನ ಫೋನನ್ನೇ ನೋಡಿದರು. ರಾತ್ರಿಯ ಇನ್ನೂರ ಅರವತ್ತೆರಡರ ಮೇಲೆ ಬೆರಳಿಟ್ಟು, ಚೀಟಿಯ ಮೇಲೆ ಪೆನ್ನು ಇಟ್ಟರು. ಪೆನ್ನಿನ ಗುಂಡಿ ಅಪ್ಪ ಮಾಡಿದ ಹಾಗೇ ಸದ್ದು ಮಾಡಿತು.

"ಸಾರ್, ಒಂದು ನಿಮಿಷ, ಇದನ್ನ ನೋಡಿ," ಎಂದು ಹಾಳೆ ಕೊಟ್ಟೆ.

ಅವರು ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರು. ಪೆನ್ನು ಕೆಳಗಿಟ್ಟು ಅಮ್ಮನ ಕಡೆ ತಿರುಗಿದರು. "ಈ ನಡುಕ ಎಷ್ಟು ದಿನದಿಂದ ಅಮ್ಮಾ?"

"ಒಂದು ತಿಂಗ್ಳಾಯ್ತು ಸಾಮಿ."

"ಅದು ಸಕ್ಕರೆ ಕಮ್ಮಿ ಆಗ್ತಿರೋ ಲಕ್ಷಣ. ಮಾತ್ರೆ ನುಂಗಿ ಊಟ ಮಾಡ್ದೆ ಇದ್ರೆ ಹಂಗಾಗುತ್ತೆ. ಇನ್ನೊಮ್ಮೆ ನಡುಗಿದ್ರೆ ಆಗಲೇ ಚುಚ್ಚಿ ನೋಡಿ. ಎಪ್ಪತ್ತಕ್ಕಿಂತ ಕಮ್ಮಿ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡೀರಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಮಿಷನ್ ಕೈಗೆ ಸಿಗ್ದಿದ್ರೆ ಕಾಯ್ಬೇಡಿ, ಮೊದ್ಲು ಕುಡೀರಿ." ಆಮೇಲೆ ಅಪ್ಪನಿಗೆ ಹೇಳಿದರು: "ನಾನು ಡಬಲ್ ಮಾಡಿದ್ದಿದ್ರೆ ಅಡುಗೆಮನೇಲೇ ಬಿದ್ದಿರೋರು, ದೇವೀರಪ್ಪನೋರೇ."

ಮಾತ್ರೆ ಹೆಚ್ಚಾಗಲಿಲ್ಲ. ಮೂರು ತಿಂಗಳ ಸಕ್ಕರೆ ತಿಳಿಯುವ ರಕ್ತಪರೀಕ್ಷೆ ಬರೆದರು. ಅಮ್ಮ ತಟ್ಟೆಯ ಮುಂದೆ ಕೂತ ಮೇಲೆಯೇ ಮಾತ್ರೆ, ಅವಳ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಬೇಕು, ಎರಡು ವಾರ ಹೊಸದಾಗಿ ಬರೆದು ತನ್ನಿ ಎಂದರು.

"ಕೂತ ಮೇಲೆ ಅಂದ್ರೆ," ಅಮ್ಮ ತಡವರಿಸಿದಳು, "ಇವ್ರುಗೆಲ್ಲ ಬಡಿಸೋರು?"

ಡಾಕ್ಟರು ಚೀಟಿಯನ್ನು ಅಪ್ಪನ ಕೈಗೆ ಕೊಟ್ಟರು. ಅದು ಅವರ ಚೀಟಿಯಲ್ಲಿ ಬರೆಯುವ ಸಂಗತಿಯಾಗಿರಲಿಲ್ಲ.

ಆ ರಾತ್ರಿ ನಾನು ಅರಸೀಕೆರೆಯಲ್ಲೇ ಉಳಿದೆ, ಅವರಿಬ್ಬರು ಊರಿಗೆ ಹೋದರು. ನಡೆದದ್ದನ್ನು ಮರುದಿನ ಅಮ್ಮ ಫೋನಿನಲ್ಲಿ ಹೇಳಿದಳು. ಅಪ್ಪ ಎಂಟಕ್ಕೆ ಎರಡು ತಟ್ಟೆ ಹಾಕಿ, ಒಂದರ ಮುಂದೆ ಅವಳನ್ನು ಕೂರಿಸಿದನಂತೆ. ಗಂಡ, ಅತ್ತೆ ಉಣ್ಣುವ ಮುಂಚೆ ಹೆಂಗೆ ಎಂದು ಅವಳು ಎದ್ದಳಂತೆ. ಅಜ್ಜಿ, "ಕೂತ್ಕಳೇ, ನನ್ನ ಕಾಲದಾಗೆ ಮಿಷನ್ ಇರ್ಲಿಲ್ಲ, ಯಾರ್ಗೂ ಗೊತ್ತಾಗ್ಲಿಲ್ಲ," ಎಂದಳಂತೆ. ಅಷ್ಟು ಹೇಳಿ ಗೋಡೆ ಕಡೆ ತಿರುಗಿದಳಂತೆ.

"ಗಂಟಲಲ್ಲಿ ಇಳೀಲೇ ಇಲ್ಲ ಕಣವ್ವ ಮೊದ್ಲು," ಎಂದಳು ಅಮ್ಮ. "ನಿಮ್ಮಪ್ಪ ಅಜ್ಜಿಗೆ ತಿನ್ಸಿದ್ರು. ಮುದ್ದೆ ಮುರಿಯಕ್ಕೆ ಬರಲ್ಲ ಅವ್ರಿಗೆ, ಇಷ್ಟಿಷ್ಟು ದಪ್ಪ ಮಾಡಿ ಇಟ್ರು. ಅಜ್ಜಿ ಬೈಕೋತಾ ತಿಂತು."

"ನಡುಕ?"

"ಬರ್ಲಿಲ್ಲ."

ಮಾತು ಮುಗಿಯುವ ಮುಂಚೆಯೇ ಅಪ್ಪನ ಸ್ಕ್ರೀನ್‌ಶಾಟ್ ಬಂತು. ಅಪ್ಪಣೆ ಇರಲಿಲ್ಲ, ಸರಾಸರಿ ಕೇಳಿರಲಿಲ್ಲ. ಒಂದೇ ಸಾಲು: ರಾತ್ರಿ, 10.20, 168. ಕೆಳಗೆ ಟಿಪ್ಪಣಿ ಬರೆಯುವ ಜಾಗ ಹನ್ನೆರಡು ದಿನವೂ ಖಾಲಿ ಇದ್ದದ್ದು. ಅಲ್ಲಿ ಅವನು ಬರೆದಿದ್ದ:

ಲಲಿತ ಉಂಡಿದ್ದು 8.20ಕ್ಕೆ. ನಾನು ಉಂಡಿದ್ದು 9.35ಕ್ಕೆ.