ಸಾರಾಂಶ ಮಾತ್ರ ಓದಿದವರು

ಮೌಲ್ಯಮಾಪನಕ್ಕೆ ನಮ್ಮನ್ನು ಕೂರಿಸಿದ್ದ ಹಾಲ್‌ನ ಗೋಡೆಗಳು ವಾರದಿಂದ ಬಿಸಿಲು ಕಾಣದೆ ಬೆವತಿದ್ದವು. ಉತ್ತರಪತ್ರಿಕೆಗಳ ಮೂಲೆಗಳು ಮೆತ್ತಗಾಗಿ, ಪುಟ ತಿರುಗಿಸಲು ಬೆರಳಿಗೆ ಎಂಜಲು ಹಚ್ಚುವವರಿಗೂ ಆ ಕಷ್ಟ ಬೇಕಿರಲಿಲ್ಲ. ಆದರೂ ಪಕ್ಕದ ಬೆಂಚಿನ ಅರ್ಧಮಾರ್ಕು ಪ್ರತಿ ಪುಟಕ್ಕೂ ಎಂಜಲು ಹಚ್ಚುತ್ತಿದ್ದರು. ಎಂಥ ಉತ್ತರಕ್ಕೂ ಅರ್ಧ ಅಂಕ ಕೊಟ್ಟು ಮುಂದೆ ಹೋಗುತ್ತಾರೆಂದು ಅವರಿಗೆ ಆ ಹೆಸರು. ಬೋಂಡಾ ಜಿಡ್ಡಿನ ಹೆಬ್ಬೆಟ್ಟು, ಎಂಜಲು, ಯಾರದೋ ಮಗುವಿನ ಒಂದು ವರ್ಷದ ಓದು. ನಾನು ಆ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದೆ.

ನಾನು ಕಲಿತದ್ದು ರಸಾಯನಶಾಸ್ತ್ರ. ಪಾಠದ ಗಂಟೆಗಳು ಸಾಲದೆಂದು ಕಾಲೇಜಿನವರು ಉದ್ಯಮಶೀಲತೆಯ ಪತ್ರಿಕೆಯನ್ನೂ ನನ್ನ ತಲೆಗೆ ಕಟ್ಟಿದ್ದರು. ಕಲಿಸುತ್ತ ಕಲಿಸುತ್ತ ಅದು ನನಗೆ ಇಷ್ಟವಾಗಿತ್ತು. ಒಂದು ಉದ್ಯಮ ಬೆಳೆಯುವುದಕ್ಕೂ ಒಂದು ಕ್ರಮವಿದೆ. ಬರೀ ಆಲೋಚನೆ ಇರುವಾಗ ಕೈಯ ಉಳಿತಾಯ, ಮನೆಯವರ ಹಣ. ಮಾದರಿ ತಯಾರಾಗಿ, ನಾಲ್ಕು ಜನ ಬಳಸಿ ನೋಡಿ, ಇನ್ನೂ ಮಾರುಕಟ್ಟೆ ತಿಳಿಯಬೇಕಿದ್ದರೆ ಹೂಡಿಕೆದಾರರ ಬಿತ್ತನೆ ಹಣ, ಸೀಡ್. ಮಾರಾಟ ಕುದುರಿ, ಗಿರಾಕಿಗಳು ಮರಳಿ ಬರುತ್ತ, ಬೆಳೆಯಲು ಹಣ ಬೇಕಾದರೆ ಅವರ ಮೊದಲ ದೊಡ್ಡ ಕಂತು, ಸೀರೀಸ್ ಎ. ಅಲ್ಲಿಂದ ಮುಂದೆ ಬಿ, ಸಿ. ಹೊರಗಿನ ಲೋಕದಲ್ಲಿ ಗೆರೆಗಳು ಅಷ್ಟು ಚೊಕ್ಕವಾಗಿರುವುದಿಲ್ಲ, ನಿಜ. ಆದರೆ ಪರೀಕ್ಷೆಯಲ್ಲಿ ವಿವರ ಕೊಟ್ಟು ಹಂತ ಗುರುತಿಸಿ ಎಂದರೆ, ವಿವರವೇ ಸಾಕ್ಷಿ.

ಏಳನೆಯ ಪ್ರಶ್ನೆ ಅಂಥದ್ದು. "ಇಬ್ಬರು ಯುವಜನರು ಹಾಲು ಹುಳಿಯಾಗುತ್ತಿರುವುದನ್ನು ತೋರಿಸುವ ಕಾಗದದ ಪಟ್ಟಿಯೊಂದನ್ನು ತಯಾರಿಸಿದ್ದಾರೆ. ಒಂದು ಹಾಸ್ಟೆಲ್ ಅಡುಗೆಮನೆ, ಒಂದು ಚಹಾದಂಗಡಿ, ಒಂದು ನರ್ಸಿಂಗ್ ಹೋಮ್‌ನಲ್ಲಿ ಪ್ರಯೋಗಕ್ಕೆ ಕೊಟ್ಟಿದ್ದಾರೆ. ಇನ್ನೂ ಒಂದು ಪಟ್ಟಿಯನ್ನೂ ಮಾರಿಲ್ಲ. ಮಾದರಿಯನ್ನು ಸುಧಾರಿಸಲು, ಮಾರುಕಟ್ಟೆ ಅಧ್ಯಯನಕ್ಕೆ ಹಣ ಬೇಕಾಗಿದೆ. ಇದು ಯಾವ ಹಂತ? ಕಾರಣ ಕೊಡಿ. ಇವರ ಬಿಸಿನೆಸ್ ಪ್ಲಾನ್‌ನ ಯಾವ ಭಾಗದಲ್ಲಿ ಏನಿರಬೇಕೆಂದು ಬರೆಯಿರಿ."

ಓದಿದ ಕೂಡಲೇ ನನಗೆ ಹಿಗ್ಗಾಯಿತು. ಆ ಹಾಸ್ಟೆಲ್, ಆ ಚಹಾದಂಗಡಿ, ಆ ನರ್ಸಿಂಗ್ ಹೋಮ್ ನನಗೆ ಗೊತ್ತು. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಗೆಳತಿಯ ಜೊತೆ ಮಾಡಿದ ಪಟ್ಟಿ ಅದು. ಬಣ್ಣ ಆರಿಸಲು ಲ್ಯಾಬಿನಲ್ಲಿ ನಾನೂ ಜೊತೆಗಿದ್ದೆ. ಎರಡು ವರ್ಷದ ಹಿಂದೆ ಅವಳ ಪ್ಲಾನ್ ಅಂತರಕಾಲೇಜು ಸ್ಪರ್ಧೆಗೆ ಹೋಗಿದ್ದಾಗ ತೀರ್ಪುಗಾರರಾಗಿದ್ದವರೇ ಈ ಪ್ರಶ್ನೆ ಹಾಕಿದ, ಇಲ್ಲಿನ ಮೌಲ್ಯಮಾಪನದ ಮುಖ್ಯಸ್ಥರು. ಅಂದು ಅವರು, "ಇದೆಲ್ಲ ಸ್ಕೂಲ್ ಮಕ್ಕಳ ಆಟ ಕಣಮ್ಮ" ಎಂದು ಬಹುಮಾನ ಕೊಡದೆ, ಪ್ಲಾನ್‌ನ ಪ್ರತಿಯನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಹೋಗಿದ್ದರು. ಕೊನೆಗೂ ಬೆಲೆ ತಿಳಿಯಿತಲ್ಲ ಎಂದುಕೊಂಡೆ.

ಹುಡುಗಿಗೆ ಈಗ ಉಳಿದಿರುವುದು ಇದೊಂದೇ ಪತ್ರಿಕೆ. ಹಿಂದಿನ ಸಲ ತಾಯಿಗೆ ಆಪರೇಷನ್ ಆದ ದಿನ ಬಿಟ್ಟುಹೋಗಿದ್ದನ್ನು ಈ ಸಲ ಬರೆದಿದ್ದಳು. ಹೊಸ ಉದ್ಯಮಗಳಿಗೆ ಆಸರೆ ಕೊಡುವ ಒಂದು ಇನ್‌ಕ್ಯುಬೇಷನ್ ಸೆಂಟರ್ ಅವಳಿಗೆ ಸೀಡ್ ಹಣ, ಲ್ಯಾಬು ಎರಡನ್ನೂ ಒಪ್ಪಿಕೊಂಡಿದೆ, ಆದರೆ ಈ ಫಲಿತಾಂಶದಲ್ಲಿ ಪದವಿ ಮುಗಿದಿರಬೇಕೆಂಬ ಷರತ್ತಿನ ಮೇಲೆ. ಮತ್ತೆ ಪರೀಕ್ಷೆಗೆ ಕಾಯುವಷ್ಟರಲ್ಲಿ ಆ ಜಾಗ ಬೇರೆಯವರದು.

ಕೀ ಉತ್ತರದ ಹಾಳೆ ಬಂತು. ಏಳು: ಸೀರೀಸ್ ಎ. ಬೇರೆ ಉತ್ತರಕ್ಕೆ ಸೊನ್ನೆ, ಕಾರಣಕ್ಕೂ ಸೊನ್ನೆ.

"ಇದು ಸೀಡ್ ಅಲ್ವಾ ಸಾರ್?" ಎಂದೆ ಅರ್ಧಮಾರ್ಕಿಗೆ.

"ಸೀಡೇ."

"ಮತ್ತೆ ತಪ್ಪು ಅಂತ ಗೀಟು ಹೊಡೀತಾ ಇದೀರಲ್ಲ?"

"ಕೀ ಹೇಳಿದ್ದಕ್ಕೆ ಹೊಡೀತಾ ಇದೀನಿ ಮೇಡಂ. ನಾನೇನು ಹುಡುಗರ ಸೋದರಮಾವನಾ?" ಎಂದು ಎಂಜಲು ಹಚ್ಚಿ ಪುಟ ತಿರುಗಿಸಿದರು. ಆ ದಿನಗಳಲ್ಲಿ ಅವರು ಅರ್ಧ ಅಂಕವನ್ನೂ ಕೊಡದ ಪ್ರಶ್ನೆ ಅದೊಂದೇ.

ಕೈತಪ್ಪಿ ಆಗಿರಬಹುದು, ಚಹಾ ಹೊತ್ತಿಗೆ ಹೇಳಿದರಾಯಿತು ಎಂದುಕೊಂಡೆ. ಆದರೆ ಚಹಾ ಕೋಣೆಯಲ್ಲಿ ಮುಖ್ಯಸ್ಥರು ಆಗಲೇ ಮಾತಿನ ಮಧ್ಯೆ ಇದ್ದರು. ಮೇಜಿನ ಮೇಲೆ ಬಣ್ಣದ ಪೊಟ್ಟಣಗಳ ಗುಡ್ಡೆ.

"ತಗೊಳ್ರಪ್ಪ, ಎಲ್ರೂ ಒಂದೊಂದು ಮನೆಗೆ ತಗೊಂಡ್ಹೋಗಿ. ನಮ್ಮ ಅಳಿಯಂದಿರ ಕಂಪನೀದು. ಮೊನ್ನೆ ಸೀರೀಸ್ ಎ ಆಯ್ತು. ಮೂರು ಊರಲ್ಲಿ ಅಂಗಡಿಗೆ ಹೋಗ್ತಾ ಇದೆ. ಹಾಲಲ್ಲಿ ಅದ್ದಿದ್ರೆ ಸಾಕು. ನೇರಳೆ ಇದ್ರೆ ಕಾಯಿಸಿ, ಹಳದಿ ಆದ್ರೆ ಚೆಲ್ಲಿ."

"ಅಳಿಯ ಅಂದ್ರೆ ಹಿಂಗಿರ್ಬೇಕು ಸಾರ್," ಎಂದರು ಅರ್ಧಮಾರ್ಕು, ಎರಡು ಪೊಟ್ಟಣ ಜೇಬಿಗಿಳಿಸುತ್ತ. "ನಮ್ಮನೇಲಿ ಒಬ್ಬ ಇದಾನೆ, ಫ್ರಿಜ್ ತೆಗೆದು ಹಾಲು ಕುಡಿಯೋದು ಮಾತ್ರ ಗೊತ್ತು."

ಬೆಳಿಗ್ಗೆಯಿಂದ ತೆರೆದೇ ಇದ್ದ ಪೊಟ್ಟಣದಿಂದ ಮುಖ್ಯಸ್ಥರು ಪಟ್ಟಿಯೊಂದನ್ನು ಎಳೆದು ಹಾಲಿನ ಕ್ಯಾನಿಗೆ ಅದ್ದಿದರು. ನೇರಳೆ. "ನೋಡಿ, ಫ್ರೆಶ್!" ಚಹಾದವನು ಹಾಲನ್ನು ಒಲೆಗಿಟ್ಟ. ಅದು ಬಿಸಿಯಾಗುತ್ತಿದ್ದಂತೆಯೇ ಒಡೆಯಿತು. ಹಳದಿ ನೀರು, ಅದರಲ್ಲಿ ತೇಲುವ ಬಿಳಿ ಗಂಟುಗಳು, ಕೋಣೆಯ ತುಂಬ ಹುಳಿ ನಾತ.

"ಪಾತ್ರೆ ತೊಳ್ದಿಲ್ವೇನೋ?" ಎಂದು ಮುಖ್ಯಸ್ಥರು ಚಹಾದವನ ಮೇಲೆ ರೇಗಿದರು. ಉಳಿದವರು ಹಲ್ಲು ಕಿರಿದರು.

ನಾನೂ ಒಂದು ಪೊಟ್ಟಣ ಎತ್ತಿ ಚೀಲಕ್ಕೆ ಹಾಕಿಕೊಂಡೆ, ಒಳಗಿದ್ದದ್ದು ಹುಡುಗಿಯ ಪಟ್ಟಿಯೇ. ಪ್ರಶ್ನೆಯ ವಿವರ ಹುಡುಗಿಯ ಪ್ಲಾನ್‌ನಿಂದ ಎತ್ತಿದ್ದು, ಆಗ ಪಟ್ಟಿ ಮಾರಾಟಕ್ಕೇ ಬಂದಿರಲಿಲ್ಲ. ಉತ್ತರ ಮಾತ್ರ ಅಳಿಯನ ಕಂಪನಿಯ ಇವತ್ತಿನ ಸ್ಥಿತಿ. ಕೂಸಿನ ಫೋಟೊ ಅಂಟಿಸಿ ಕೆಳಗೆ ದೊಡ್ಡವನ ವಯಸ್ಸು ಬರೆದ ಹಾಗೆ. ಬೇರೆ ಯಾರೇ ಪ್ರಶ್ನೆ ಹಾಕಿದ್ದರೂ ಈ ತಪ್ಪು ಮಾಡುತ್ತಿರಲಿಲ್ಲ. ಎರಡೂ ಒಂದೇ ಕಂಪನಿ ಎಂದು ತನ್ನನ್ನು ತಾನೇ ನಂಬಿಸಿಕೊಂಡವನಿಗೆ ಮಾತ್ರ ಇದು ತಪ್ಪೆಂದು ಕಾಣುವುದಿಲ್ಲ.

ಹಾಲ್‌ಗೆ ವಾಪಸು ಬಂದು ಹೊಸ ಕಟ್ಟು ಬಿಚ್ಚಿದೆ. ಮೂರನೆಯದೋ ನಾಲ್ಕನೆಯದೋ ಪತ್ರಿಕೆಯಲ್ಲಿ ಏಳನೆಯ ಉತ್ತರ ಹೀಗಿತ್ತು: "ಸೀಡ್. ಏಕೆಂದರೆ ಉತ್ಪನ್ನ ಇನ್ನೂ ಪೂರ್ತಿಯಾಗಿಲ್ಲ. ಪೊಟ್ಟಣ ಒಮ್ಮೆ ತೆರೆದರೆ ತೇವದ ಗಾಳಿಗೆ ಪಟ್ಟಿಯ ಬಣ್ಣ ಅಂಚಿಗೆ ಸರಿದು ಕೆಡುತ್ತದೆ. ಆಮೇಲೆ ಹಾಲು ಹುಳಿಯಾದರೂ ನೇರಳೆಯೇ ತೋರುತ್ತದೆ. ಇದು ಪರಿಹಾರವಾಗದೆ ಮಾರುವುದು ಮೋಸ. ಕೊಳ್ಳುವವರು ಯಾರು, ಪೈಪೋಟಿ ಯಾರದು ಎಂಬುದು ಮಾರುಕಟ್ಟೆ ವಿಶ್ಲೇಷಣೆಯಲ್ಲಿ ಬರಬೇಕು. ಹೇಗೆ, ಎಲ್ಲಿ ತಯಾರಿಕೆ ಎಂಬುದು ಉತ್ಪಾದನಾ ಯೋಜನೆಯಲ್ಲಿ. ಎಷ್ಟು ಹಣ, ಯಾವುದಕ್ಕೆ ಎಂಬುದು ಹಣಕಾಸು ಯೋಜನೆಯಲ್ಲಿ. ತೇವದ ಸಮಸ್ಯೆ ಅಪಾಯಗಳ ಭಾಗದಲ್ಲಿ. ಇವೆಲ್ಲ ಬರೆದಾದ ಮೇಲೆ ಸಾರಾಂಶ ಬರೆದು ಮೊದಲ ಪುಟಕ್ಕೆ ಇಡಬೇಕು."

ತೇವದ ಮಾತು ಪ್ರಶ್ನೆಯಲ್ಲಿ ಎಲ್ಲೂ ಇರಲಿಲ್ಲ. ಅಕ್ಷರ ನೋಡುವ ಅಗತ್ಯವೂ ಬೀಳಲಿಲ್ಲ, ಅದು ಅವಳದೇ ಪತ್ರಿಕೆ. ಒಂದೇ ಒಂದು ಟಿಕ್ ಹಾಕಿ ಮುಚ್ಚಿಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ಹಾಗೆ ಮಾಡಿದರೆ ಮುಖ್ಯಸ್ಥರಿಗೂ ನನಗೂ ಇರುವ ವ್ಯತ್ಯಾಸ ಬರೀ ಸಂಬಂಧದ್ದಾಗುತ್ತಿತ್ತು, ಅವರಿಗೆ ಅಳಿಯ, ನನಗೆ ಶಿಷ್ಯೆ. ಪತ್ರಿಕೆಯನ್ನು ಎತ್ತಿಕೊಂಡು ಹೋಗಿ, ನನಗೆ ಗುರುತು ಸಿಕ್ಕಿದೆ, ಬೇರೆಯವರು ನೋಡಲಿ ಎಂದು ಬರೆದು ಅವರ ಮೇಜಿನ ಮೇಲಿಟ್ಟೆ.

"ಇನ್ನೊಂದು ಸಾರ್. ಏಳನೇ ಪ್ರಶ್ನೆ ಕೀ ತಪ್ಪು."

"ಏನಮ್ಮಾ ತಪ್ಪು?"

"ಒಂದು ಪಟ್ಟೀನೂ ಮಾರಿಲ್ಲ ಅಂತ ಪ್ರಶ್ನೆಯಲ್ಲೇ ಇದೆ. ಮಾರಾಟಾನೇ ಇಲ್ದೆ ಸೀರೀಸ್ ಎ ಹೇಗಾಗತ್ತೆ?"

"ಮಾರಾಟ ಆಗ್ತಿದೆಯಲ್ಲಮ್ಮ! ಅಂಗಡಿ ಅಂಗಡೀಲಿ ಸಿಗ್ತಾ ಇದೆ. ನಮ್ಮ ಅಳಿಯ ಸುಮ್ನೆ ಕೂತಿದಾನಾ?"

ಅರ್ಧಮಾರ್ಕು ಎಂಜಲಿನ ಬೆರಳನ್ನು ಹಾಗೇ ಮೇಲೆ ಹಿಡಿದು ಇತ್ತ ತಿರುಗಿದರು.

"ಪ್ರಶ್ನೆಯಲ್ಲಿ ನಿಮ್ಮ ಅಳಿಯಂದಿರ ಕಂಪನಿ ಇಲ್ಲ ಸಾರ್," ಎಂದೆ. "ಅಥವಾ ಇದೆಯಾ?"

ಅವರ ಕುತ್ತಿಗೆ ಕೆಂಪಾಯಿತು. ದನಿ ತಗ್ಗಿಸಿದರು. "ನಿಮ್ಮ ಹುಡುಗಿ ಪೇಪರು ಕೈಗೆ ಬಂತು ಅಂತ ನೀವೇ ಬರ್ದುಕೊಟ್ಟಿದೀರ. ಈಗ ಅವಳಿಗೋಸ್ಕರ ಕೀ ಬದಲಾಯಿಸು ಅಂದ್ರೆ ಜನ ಏನಂದಾರು?"

"ಅವಳ ಪೇಪರು ಪಕ್ಕಕ್ಕಿಡಿ. ಉಳಿದವೆಲ್ಲ ನೋಡಿ. ಓದಿಕೊಂಡು ಬಂದವರೆಲ್ಲ ಸೀಡ್ ಅಂತಲೇ ಬರೆದಿದಾರೆ. ಬೇಡ ಅಂದ್ರೆ ನಾನು ಪರೀಕ್ಷಾ ಬೋರ್ಡಿಗೆ ಬರೀತೀನಿ. ಈ ವಿವರ ಮೊದಲು ಯಾವ ಪ್ಲಾನ್‌ನಲ್ಲಿತ್ತು, ಆ ಸ್ಪರ್ಧೆಗೆ ತೀರ್ಪುಗಾರರು ಯಾರಿದ್ರು, ಅದೂ ಸೇರಿಸಿ."

ಅವರು ಕೀ ಹಾಳೆ ಎಳೆದುಕೊಂಡು ಏಳರ ಎದುರು ಏನೋ ಗೀಚಿದರು. ಆಮೇಲೆ ಎದ್ದು ನಿಂತು, ಮದುವೆ ಮನೆಯಲ್ಲಿ ಊಟಕ್ಕೆ ಕರೆಯುವವರ ಹಾಗೆ ಕೈ ಬೀಸಿ ಸಾರಿದರು. "ನೋಡ್ರಪ್ಪ, ಏಳನೇದಕ್ಕೆ ಸೀಡ್ ಅಂದ್ರೂ ಸರಿ, ಸೀರೀಸ್ ಎ ಅಂದ್ರೂ ಸರಿ. ಎರಡಕ್ಕೂ ಪೂರ್ತಿ ಮಾರ್ಕ್ಸ್. ಮಕ್ಕಳಿಗೆ ಅನ್ಯಾಯ ಆಗ್ಬಾರ್ದು."

ಮಕ್ಕಳಿಗೆ! ಎಲ್ಲರೂ ನೋಡಿದ್ದ ಕಟ್ಟುಗಳನ್ನು ಮತ್ತೆ ಬಿಚ್ಚಿ, ಹೊಡೆದದ್ದರ ಪಕ್ಕ ಟಿಕ್ ಹಾಕತೊಡಗಿದರು. ಅರ್ಧಮಾರ್ಕು ನನ್ನತ್ತ ಬಾಗಿ, "ಒಳ್ಳೇ ಕೆಲಸ ಮಾಡಿದ್ರಿ ಮೇಡಂ, ಆದ್ರೆ ಕೆಲಸ ಎರಡು ಪಟ್ಟು ಆಯ್ತು" ಎಂದರು. ನಾನೂ ಕೂತು, ಮಾರಾಟವಿಲ್ಲದ ಕಂಪನಿಗೆ ಸೀರೀಸ್ ಎ ಎಂದು ಬರೆದವರಿಗೆಲ್ಲ ಸಂಜೆಯವರೆಗೆ ಪೂರ್ತಿ ಅಂಕ ಕೊಟ್ಟೆ. ಸುಳ್ಳಿಗೂ ನಿಜಕ್ಕೂ ಒಂದೇ ಕೆಂಪು ಗುರುತು. ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಕೈಯಿಂದ ಆ ಹುಳಿ ನಾತ ಹೋಗಲಿಲ್ಲ.

ಫಲಿತಾಂಶ ಬಂದ ದಿನ ಹುಡುಗಿ ಲ್ಯಾಬಿಗೆ ಓಡಿ ಬಂದಳು. ಪಾಸಾಗಿದ್ದಳು. ಸೆಂಟರ್‌ನವರು ಜಾಗ ಖಾತ್ರಿ ಮಾಡಿದ್ದರು.

"ಮೇಡಂ, ನಮ್ಮ ಪ್ಲಾನೇ ಪ್ರಶ್ನೆಯಾಗಿ ಬಂದಿತ್ತು! ನೀವು ಹಾಕಿದ್ರಾ? ನಮ್ಮ ಪ್ಲಾನ್ ಇಷ್ಟಪಟ್ಟವರು ಯಾರೋ ಬರೆದಿದಾರೆ ಅನ್ನಿಸ್ತು."

ನಾನು ಡ್ರಾಯರ್‌ನಿಂದ ಆ ಬಣ್ಣದ ಪೊಟ್ಟಣ ತೆಗೆದು ಅವಳ ಮುಂದಿಟ್ಟೆ. ಯಾರದು, ಯಾವ ಹಂತದಲ್ಲಿದೆ, ಪ್ಲಾನ್‌ನ ಪ್ರತಿ ಯಾರ ಚೀಲಕ್ಕೆ ಹೋಗಿತ್ತು, ಎಲ್ಲ ಹೇಳಿದೆ. ದೂರು ಕೊಡುವುದಾದರೆ ಸಾಕ್ಷಿಗೆ ನಾನಿದ್ದೇನೆಂದೂ ಹೇಳಿದೆ. ಅವಳ ಮುಖದ ಹಿಗ್ಗು ಇಳಿಯುವುದನ್ನು ನೋಡಲಾಗದೆ ಕಿಟಕಿಯ ಕಡೆ ತಿರುಗಿದೆ.

ಹಿಂದೆ ಪೊಟ್ಟಣ ಬಿಚ್ಚುವ ಸದ್ದಾಯಿತು. ಅವಳು ಪಟ್ಟಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ಕೆರೆದು, ಮೂಸಿ ನೋಡಿದಳು.

"ಲೇಪನ ನಮ್ಮದೇ. ತೇವಕ್ಕೆ ಏನೂ ಮಾಡಿಲ್ಲ," ಎಂದಳು. "ಅಪಾಯಗಳ ಭಾಗ ಕೊನೇ ಪುಟದಲ್ಲಿತ್ತಲ್ಲ ಮೇಡಂ. ಇವರು ಸಾರಾಂಶ ಮಾತ್ರ ಓದಿದಾರೆ."

"ಹೌದು."

"ನರ್ಸಿಂಗ್ ಹೋಮ್‌ಗೂ ಮಾರ್ತಿದಾರಾ ಇದನ್ನ?"

ಗೊತ್ತಿಲ್ಲವೆಂದೆ. ಅವಳು ಪಟ್ಟಿಯನ್ನು ಎರಡು ಬೆರಳಲ್ಲಿ, ಸತ್ತ ಜಿರಳೆ ಹಿಡಿದಂತೆ ಹಿಡಿದು ಕಸದ ಬುಟ್ಟಿಗೆ ಹಾಕಿ, ನಲ್ಲಿ ತಿರುಗಿಸಿ ಕೈ ತೊಳೆದಳು. ಒರೆಸಿಕೊಳ್ಳುತ್ತ ಕೇಳಿದಳು: "ದೂರು ಯಾರಿಗೆ ಬರೀಬೇಕು ಮೇಡಂ? ಮೊದಲು ನರ್ಸಿಂಗ್ ಹೋಮ್‌ಗೆ ಹೇಳಿ ಬರ್ತೀನಿ. ಆಮೇಲೆ ಬರೆಯೋಣ."