ಆರು ಗಂಟೆಯ ಬಾಗಿಲು

ಸಂಶಯ ನನ್ನ ಹುಟ್ಟುಗುಣ. ಸಂತೆಯಲ್ಲಿ ತೂಕದ ಕಲ್ಲನ್ನು ತಿರುಗಿಸಿ ನೋಡಿದ ಮೇಲೆಯೇ ಬದನೆಕಾಯಿ ಕೊಳ್ಳುವವಳು ನಾನು. ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದೆ, ಎರಡನೇ ಮಹಡಿಯಲ್ಲಿ, ಹನ್ನೊಂದು ವರ್ಷದಿಂದ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಿಗೆ ತಂಪು ಕಾಯುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಮಾಡಿಕೊಡುತ್ತೇವೆ. ನಾವು ಎಂದರೆ ಪುಷ್ಪಾವತಿ ಎಂಬ ನಾನು, ಮತ್ತು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವ ಬೇನಜೀರ. ಹುಡುಗಿ ಜಾಣೆ. ಜಾಣರ ಮೇಲೆ ನನಗೆ ಇನ್ನೂ ಒಂದು ಕಣ್ಣು ಹೆಚ್ಚು.

ಪ್ರಭುಲಿಂಗಪ್ಪನವರ ಕೋಲ್ಡ್ ಸ್ಟೋರೇಜಿಗೆ ಕೊಟ್ಟ ಬೋರ್ಡು ಹದಿನೈದು ದಿನದಲ್ಲಿ ಮೂರು ಸಲ ಸತ್ತಿತು. ಬೋರ್ಡು ಸತ್ತರೆ ತಂಪಿನ ಮಶಿನ್ ನಿಲ್ಲುತ್ತದೆ, ಮಶಿನ್ ನಿಂತರೆ ಒಳಗಿನ ಮೆಣಸಿನಕಾಯಿ ಬೆಚ್ಚಗಾಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಜೀವವೆಲ್ಲ ಅದರ ಬಣ್ಣದಲ್ಲಿದೆ. ಅದು ಮಂಕಾದರೆ ಆ ಚೀಲದ ಮುಂದೆ ಯಾವ ವ್ಯಾಪಾರಿಯೂ ನಿಲ್ಲುವುದಿಲ್ಲ.

ಮೂರೂ ಸಲ ಸತ್ತದ್ದು ಸಂಜೆ ಆರಕ್ಕೆ. ಆಫೀಸ್ ಕಂಪ್ಯೂಟರಿನಲ್ಲಿ ಬೋರ್ಡು ಕಳಿಸಿದ ಕೊನೆಯ ಸಾಲು ಮೂರು ಸಲವೂ ಒಂದೇ ಆಗಿತ್ತು: ಎರಡನೇ ಚೇಂಬರಿನ ಬಾಗಿಲು ತೆರೆಯಿತು. ಆ ಬಾಗಿಲಿನ ಕೀಲಿ ಇರುವುದು ಒಬ್ಬನ ಸೊಂಟದಲ್ಲಿ, ಆಪರೇಟರ್ ಮುಸ್ತಾಕ್. ಮಶಿನ್ ನಿಂತಾಗಲೆಲ್ಲ ಮೊದಲು ಓಡಿಬಂದು ಕೈಯಿಂದ ಚಾಲೂ ಮಾಡಿದವನೂ ಅವನೇ. ಬೆಂಕಿ ಹಚ್ಚಿದವನೇ ನೀರು ಹಿಡಿದು ಮೊದಲು ಬರುತ್ತಾನೆ ಎಂದು ನನ್ನ ಮನಸ್ಸು ಆಗಲೇ ತೀರ್ಪು ಬರೆದಿತ್ತು.

ಶುಕ್ರವಾರ ಬಸ್ ಹತ್ತಿದೆ. ಮೋಟೆಬೆನ್ನೂರು ದಾಟುವಷ್ಟರಲ್ಲಿ ಕೇಳಬೇಕಾದ ಪ್ರಶ್ನೆಗಳೆಲ್ಲ ಸಾಲಾಗಿ ನಿಂತಿದ್ದವು. ಚೇಂಬರಿನಲ್ಲಿ ಹಮಾಲರು ಒಂದು ರ‍್ಯಾಕ್ ಖಾಲಿ ಮಾಡುತ್ತಿದ್ದರು. ಮುಸ್ತಾಕ್, ಐವತ್ತು ದಾಟಿದ, ಉಣ್ಣೆ ಟೋಪಿಯ ಮನುಷ್ಯ, ರ‍್ಯಾಕಿನ ಹಲಗೆಯ ಮೇಲೆ ನಿಂತ ಹಮಾಲನೊಬ್ಬನಿಗೆ ಹೇಳುತ್ತಿದ್ದ:

"ಆಕಡೀ ಈಕಡೀ ಚೀಲಾ ಎಲ್ಲಾ ಇಳಸಪಾ ಮೊದಲ. ಹಲಗಿ ಕಡೀಕ ತಗಿ. ನೀ ನಿಂತ ಹಲಗೀನ ಎಳದರ ಆಕಡಿ ಚೀಲಕ್ಕ ಹೆಂಗ ಹೋಗ್ತಿ?"

ನಾನು ಅದನ್ನು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

"ಮುಸ್ತಾಕ್ ಭಾಯಿ, ಮೂರೂ ದಿನ ಆರಕ್ಕ ಬಾಗಲಾ ತಗದವರು ನೀವ ಹೌದಲ್ರಿ?" ಎಂದೆ.

"ಹೌದ್ರಿ ಮೇಡಮ್. ದಿನಾ ತಗೀತೇನಿ."

"ಬೋರ್ಡಿನ ವೈರ್ ಮುಟ್ಟೀರೇನು?"

"ಬಾಗಲಾ ತಗದೇನ್ರಿ. ಬೋರ್ಡ್ ಮುಟ್ಟಿಲ್ಲ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ನಾನು ಆಗಲೇ ಪ್ರಭುಲಿಂಗಪ್ಪನವರ ಕೋಣೆಯತ್ತ ತಿರುಗಿದ್ದೆ. ಬೋರ್ಡಿನ ಆ ಮೂರು ಕೊನೆಯ ಸಾಲುಗಳನ್ನು ಬರೆದುಕೊಂಡಿದ್ದ ಕಾಗದವನ್ನು ಅವರ ಮೇಜಿನ ಮೇಲಿಟ್ಟೆ. ಅವರು ಓದಿದರು, ಕನ್ನಡಕ ತೆಗೆದರು.

"ಇಪ್ಪತ್ತೆರಡ ವರ್ಷದಿಂದ ಇಲ್ಲೇ ದುಡದ ಮನಷ್ಯಾ, ಪುಷ್ಪಕ್ಕಾರ," ಎಂದರು. "ನಾಳೆ ಸಂಜೀಕ ಕೀಲಿ ಕೊಟ್ಟ ಕೆಲಸಾ ಬಿಡಂತ ಹೇಳ್ತೇನಿ."

ಹಾವೇರಿಗೆ ಮರಳಿ ಬಂದು ಬೇನಜೀರಳಿಗೆ ಎಲ್ಲ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅವಳು ಹುಬ್ಬು ಗಂಟಿಕ್ಕಿದಳು.

"ಅಕ್ಕಾರ, ಬಾಗಲಾ ತಗದರ ಬೋರ್ಡ್ ಯಾಕ ಸಾಯಬೇಕು? ಬಾಗಲಾ ಇರೂದ ತಗಿಯಾಕಲ್ರಿ?"

ಆ ಪ್ರಶ್ನೆ ನನಗೆ ಹಿಡಿಸಲಿಲ್ಲ. ಇವಳಿಗೇಕೆ ಅವನ ವಕಾಲತ್ತು? ಆಗ ನೆನಪಾಯಿತು: ಬೇನಜೀರಳ ತವರು ಬ್ಯಾಡಗಿ, ಮುಸ್ತಾಕನ ಮನೆಯೂ ಅದೇ ಓಣಿಯಲ್ಲಿ. ಒಂದೇ ಓಣಿ, ಒಂದೇ ಜನ, ಎಂದುಕೊಂಡಿತು ಮನಸ್ಸು. ಇದನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಶನಿವಾರ ಬೆಳಿಗ್ಗೆ, ಬೇನಜೀರ ಬರುವ ಮೊದಲೇ, ಅವಳ ಪ್ರೋಗ್ರಾಮನ್ನು ತೆರೆದು ಕುಳಿತೆ. ಆರು ಗಂಟೆಗೆ ಬೋರ್ಡು ಏನು ಮಾಡುತ್ತದೆ ಎಂಬುದು ನನಗೆ ಗೊತ್ತಿತ್ತು. ಹಗಲಿನಲ್ಲಿ ಪ್ರತಿ ಲಾಟಿನ, ಅಂದರೆ ಒಟ್ಟಿಗೆ ಬಂದ ಚೀಲಗಳ ಒಂದೊಂದು ಗುಂಪಿನ, ತಾಪಮಾನವನ್ನು ಅದು ಒಂದು ಟ್ರೀಯಲ್ಲಿ ಜೋಡಿಸಿಕೊಳ್ಳುತ್ತದೆ: ಒಂದು ಲಾಟಿಗೆ ಒಂದು ನೋಡ್, ಅದರ ಕೆಳಗೆ ಎಡಕ್ಕೊಂದು, ಬಲಕ್ಕೊಂದು. ಆರಕ್ಕೆ ಒಂದೊಂದೇ ನೋಡನ್ನು ಆಫೀಸಿಗೆ ಕಳಿಸಿ, ಮೆಮೊರಿಯಲ್ಲಿ ಅದು ಹಿಡಿದಿದ್ದ ಜಾಗವನ್ನು ಫ್ರೀ ಮಾಡುತ್ತ, ಇಡೀ ಟ್ರೀಯನ್ನು ತೆಗೆದುಹಾಕುತ್ತದೆ. ಆಫೀಸಿನ ವೈರು ನಿಧಾನದ್ದು, ಈ ಕೆಲಸಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ.

ಟ್ರೀ ಅಳಿಸುವ ಫಂಕ್ಷನ್ನಿಗೆ ಬಂದಾಗ ಕಣ್ಣು ನಿಂತಿತು. ಮೊದಲ ಸಾಲು ನೋಡನ್ನು ಕಳಿಸುತ್ತದೆ, ಎರಡನೆಯದು ಅದನ್ನು ಫ್ರೀ ಮಾಡುತ್ತದೆ. ಆಮೇಲೆ ಅದೇ ನೋಡಿನ ಎಡಕ್ಕೆ ಹೋಗು, ಅದೇ ನೋಡಿನ ಬಲಕ್ಕೆ ಹೋಗು ಎಂದಿದೆ. ಕುಳಿತ ಕೊಂಬೆಯನ್ನೇ ಕಡಿಯುವುದು ಎಂದರೆ ಇದೇ. ಸಿಕ್ಕಿಬಿದ್ದಳು ಎಂದು ಖುಷಿಯಾಯಿತು. ಬೇನಜೀರ ಬಂದು ಚಪ್ಪಲಿ ಬಿಡುವಷ್ಟು ಹೊತ್ತೂ ಕೊಡಲಿಲ್ಲ.

"ಇದ ಏನಿದು?"

ಅವಳು ಪರದೆ ನೋಡಿದಳು. ಮುಖ ಬಿಳುಪೇರಿತು. ಆಮೇಲೆ ಕುರ್ಚಿ ಎಳೆದು, ಹಾಳೆಯ ಮೇಲೆ ಮೂರು ಸುತ್ತು ಬರೆದಳು, ಮೇಲೊಂದು, ಕೆಳಗೆರಡು.

"ನೋಡ್ರಿ ಅಕ್ಕಾರ. ಎಡಗಡಿಯವ ಎಲ್ಲಿದಾನ, ಬಲಗಡಿಯವ ಎಲ್ಲಿದಾನ ಅನ್ನೋ ವಿಳಾಸ ಮ್ಯಾಲಿನವನ ಹೊಟ್ಟ್ಯಾಗಷ್ಟ ಐತಿ. ಬ್ಯಾರೆ ಎಲ್ಲೂ ಬರದಿಲ್ಲ. ಫ್ರೀ ಮಾಡಿದ್ರ ಅದು ತಕ್ಷಣ ಅಳಸಿ ಹೋಗೂದಿಲ್ಲ. ಈ ಜಾಗಾ ಖಾಲಿ ಐತಿ, ಬೇಕಾದವರು ತಗೋರ್ರಿ ಅಂದಂಗ ಅಷ್ಟ. ಯಾರೂ ತಗೊಳ್ಳಿಲ್ಲಂದ್ರ ಹಳೇ ವಿಳಾಸ ಹಂಗ ಕುಂತಿರ್ತದ. ಓದೂದು ತಪ್ಪು, ಆದ್ರ ಓದಾಕ ಬರ್ತದ."

"ಅದಕ್ಕ ಇಲ್ಲಿ ಮೇಜಿನ ಮ್ಯಾಲ ನಾವು ಟೆಸ್ಟ್ ಮಾಡೂ ಬೋರ್ಡ್ ಒಮ್ಮೆನೂ ಸಾಯ್ಲಿಲ್ಲ," ಎಂದೆ.

"ಹೌದ್ರಿ. ಎಡಗಡಿ ವಿಳಾಸ ಲಗೂನ ಓದ್ತದ. ಬಲಗಡೀದು ಓದೂದು ಎಡಗಡಿ ಎಲ್ಲಾ ಖಾಲಿ ಆದಮ್ಯಾಲ. ಮ್ಯಾಲಿನ ನೋಡ್‌ಗೆ ಅಂದ್ರ ಮುಕ್ಕಾಲ ನಿಮಿಷ. ಆ ನಡುವ ಯಾರರ ಹೊಸಾ ಜಾಗಾ ಕೇಳಿದ್ರ..."

ಅವಳು ಮಾತು ನಿಲ್ಲಿಸಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬಾಗಿಲು ತೆರೆದಾಗ ಬೋರ್ಡು ಅದನ್ನು ಬರೆದಿಟ್ಟುಕೊಳ್ಳಲು ಹೊಸ ಜಾಗ ಕೇಳುತ್ತದೆ. ಈಗತಾನೇ ಖಾಲಿಯಾದ ನೋಡಿನ ಜಾಗ ಅದಕ್ಕೆ ಸಿಗುತ್ತದೆ. ಬಲಗಡೆಯ ವಿಳಾಸವಿದ್ದಲ್ಲಿ ಬಾಗಿಲು ತೆರೆದ ಹೊತ್ತು ಬಂದು ಕೂರುತ್ತದೆ. ಬೋರ್ಡು ಆ ಹೊತ್ತನ್ನೇ ವಿಳಾಸವೆಂದು ನಂಬಿ, ಇಲ್ಲದ ಜಾಗಕ್ಕೆ ಹೋಗಿ ಸಾಯುತ್ತದೆ. ಮುಸ್ತಾಕ್ ದಿನವೂ ಬಾಗಿಲು ತೆರೆದರೂ, ಅದು ಆ ಗಳಿಗೆಗೇ ಸರಿಯಾಗಿ ಬಿದ್ದದ್ದು ಮೂರು ದಿನ ಮಾತ್ರ. ನಮ್ಮ ಮೇಜಿನ ಮೇಲಿನ ಬೋರ್ಡಿಗೆ ಬಾಗಿಲೇ ಇರಲಿಲ್ಲ.

ಅದರ ಬಾಗಿಲಿನ ವೈರಿಗೆ ಬಾಗಿಲ ಬದಲು ಒಂದು ಗುಂಡಿ ಕಟ್ಟಿ, ಅಳಿಸುವ ಕೆಲಸದ ನಡುವೆ ಒತ್ತಿದೆವು. ಮೂರನೆಯ ಸಲಕ್ಕೆ ಬೋರ್ಡು ಸತ್ತಿತು.

"ಇಂಥಾ ತಪ್ಪ ಮಾಡೂಮುಂದ ನಿನ್ನ ತಲಿ ಎಲ್ಲಿತ್ತು?" ಎಂದೆ.

"ಅಕ್ಕಾರ, ಈ ಫಂಕ್ಷನ್ ಬರದಾಕಿ ನಾನ. ಆದ್ರ ನಾ ಫ್ರೀ ಬರದಿದ್ದು ಕಡೀ ಸಾಲಿನ್ಯಾಗ." ಅವಳ ದನಿ ಮೆತ್ತಗಿತ್ತು. "ಯಾರ ಬದಲ ಮಾಡ್ಯಾರ, ಹಿಸ್ಟರಿ ನೋಡ್ರಿ."

ಸುಳ್ಳು ಹೇಳುತ್ತಿದ್ದಾಳೆ ಎಂದೇ ಹಿಸ್ಟರಿ ತೆರೆದೆ. ಫ್ರೀ ಸಾಲು ಕೆಳಗಿನಿಂದ ಮೇಲಕ್ಕೆ ಹೋದದ್ದು ಹಿಂದಿನ ತಿಂಗಳ ಎಂಟರಂದು. ಬದಲಿಸಿದವರು: ಪುಷ್ಪಾವತಿ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: ಮೊದಲು ಮೇನ್ ಗೇಟ್ ಮುಚ್ಚಬೇಕು.

ನೆನಪು ತಾನಾಗಿ ಬಂತು. ಮೆಣಸಿನಕಾಯಿ ಯಾರ್ಡಿನಲ್ಲಿ ದಿನದ ಕೆಲಸ ಮುಗಿಸುವಾಗ ಮೊದಲು ದೊಡ್ಡ ಗೇಟ್ ಹಾಕುತ್ತಾರೆ, ಒಳಗಿನ ಅಂಗಡಿಗಳನ್ನು ಆಮೇಲೆ. ಅರ್ಧ ಅಳಿಸಿದ ಟ್ರೀಯೊಳಗೆ ಪ್ರೋಗ್ರಾಮಿನ ಬೇರೆ ಯಾವ ಭಾಗವೂ ನುಗ್ಗಬಾರದೆಂದು ನಾನೇ ಮೇಲಿನ ನೋಡನ್ನು ಮೊದಲು ಅಳಿಸಿದ್ದೆ. ಬೇನಜೀರಳ ಮೇಲೆ ಸಂಶಯವಿದ್ದುದರಿಂದ ಅವಳನ್ನು ಕೇಳಲೇ ಇಲ್ಲ.

"ಗೇಟ್ ಹಾಕೂದ ಬ್ಯಾರೆ, ಕೆಡವೂದ ಬ್ಯಾರೆ, ಅಕ್ಕಾರ," ಎಂದಳು ಅವಳು. "ಮ್ಯಾಲಿನ ನೋಡಿನ ವಿಳಾಸ ನಾವ ಕೈಯಾಗ ಹಿಡ್ಕೊಂಡು, ಹೊರಗಿನವರಿಗೆ ಟ್ರೀ ಖಾಲಿ ಅಂತ ತೋರಿಸಿದ್ರ ಗೇಟ್ ಹಾಕಿದಂಗ. ಅಳಸೂದು ಮಾತ್ರ ಪೋಸ್ಟ್ ಆರ್ಡರ್. ಎಡಗಡಿ ಪೂರಾ, ಬಲಗಡಿ ಪೂರಾ, ಕಡೀಕ ತಾನು. ತಾನು ಹೋಗೂ ಹೊತ್ತಿಗೆ ತನ್ನ ಕಡೆ ಕೇಳೂದು ಏನೂ ಉಳದಿರಬಾರ್ದು."

"ಎರಡೂ ವಿಳಾಸ ಮೊದಲ ಬ್ಯಾರೆ ಕಡೆ ಬರದಿಟ್ಟು ಫ್ರೀ ಮಾಡಿದ್ರ?" ನನ್ನ ಮರ್ಯಾದೆಗೆ ಒಂದು ಹುಲ್ಲುಕಡ್ಡಿ ಹುಡುಕುತ್ತಿದ್ದೆ.

"ಅದೂ ನಡೀತದ. ಆದ್ರ ನೀವು ಬರದಿಟ್ಟಿಲ್ಲ. ಪೋಸ್ಟ್ ಆರ್ಡರ್‌ನ್ಯಾಗ ಆ ಉಸಾಬರಿನ ಇಲ್ಲ."

ಹಲಗಿ ಕಡೀಕ ತಗಿ. ಮುಸ್ತಾಕ್ ನಿನ್ನೆ ನನ್ನ ಎದುರಿಗೇ ಅದನ್ನು ಹೇಳಿದ್ದ.

ಸಾಲನ್ನು ಕೆಳಗಿಳಿಸಿದೆವು. ಮತ್ತೆ ಮತ್ತೆ ಗುಂಡಿ ಒತ್ತಿದೆವು, ನಲವತ್ತು ಸಲ. ಬಾಗಿಲಿನ ಬರಹ ಖಾಲಿಯಾದ ಜಾಗಗಳಿಗೆ ಬಂದು ಕುಳಿತೇ ಕುಳಿತಿತು, ಆದರೆ ಆ ಜಾಗಗಳನ್ನು ಮತ್ತೆ ಓದುವವರು ಯಾರೂ ಇರಲಿಲ್ಲ. ಬೋರ್ಡು ಸಾಯಲಿಲ್ಲ. ಬ್ಯಾಡಗಿಗೆ ಹೊರಡುವ ಮೊದಲು ಬೇನಜೀರಳಿಗೆ ತಪ್ಪಾಯಿತು ಎಂದೆ. ಓಣಿಯ ವಿಷಯ ಹೇಳುವ ಧೈರ್ಯ ಬರಲಿಲ್ಲ. ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ನನ್ನ ಕಡೆ ನೋಡದೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಕೊಟ್ಟಳು.

ಬ್ಯಾಡಗಿ ಮುಟ್ಟಿದಾಗ ಐದೂ ಕಾಲು. ಬೋರ್ಡಿಗೆ ಹೊಸ ಪ್ರೋಗ್ರಾಮ್ ಹಾಕಿ ಪ್ರಭುಲಿಂಗಪ್ಪನವರ ಕೋಣೆಗೆ ಹೋದೆ. ಕೀಲಿಗೊಂಚಲು ಆಗಲೇ ಮೇಜಿನ ಮೇಲಿತ್ತು. ಮುಸ್ತಾಕ್ ಬಾಗಿಲ ಬಳಿ, ಕೈಯಲ್ಲಿ ಬುತ್ತಿಚೀಲ ಹಿಡಿದು ನಿಂತಿದ್ದ.

"ಸಾವಕಾರ್ರ, ತಪ್ಪು ಬೋರ್ಡಿಂದು. ಅಂದ್ರ ನಂದು. ಮುಸ್ತಾಕ್ ಭಾಯಿಂದಲ್ಲ."

ಪ್ರಭುಲಿಂಗಪ್ಪ ನನ್ನನ್ನು ದಿಟ್ಟಿಸಿದರು. "ಸರಿ ಮಾಡೀರಿಲ್ಲೋ? ಮತ್ಯಾಕ ನಿಮ್ಮ ಹೆಸರ ನೀವ ಕೆಡಸ್ಕೋತೀರಿ? ಇಲ್ಲಿ ಹತ್ತು ಕೋಲ್ಡ್ ಸ್ಟೋರೇಜ್ ಅದಾವ, ಸುದ್ದಿ ನಿಲ್ಲೂದಿಲ್ಲ. ಹೊಂಟಾಂವ ಹೊಂಟಾನ."

ದಾರಿ ಸುಲಭವಾಗಿತ್ತು. ಒಂದು ಗಳಿಗೆ ಅದರತ್ತ ಕಾಲು ಎಳೆಯಿತು, ಸುಳ್ಳು ಹೇಳುವುದಿಲ್ಲ. ಮೇಜಿನ ಮೇಲೆ ನನ್ನ ಮೂರು ಸಾಲಿನ ಕಾಗದ ಇನ್ನೂ ಇತ್ತು. ಅದರ ಕೆಳಗೇ ಬರೆದೆ: ಬೋರ್ಡು ನಿಂತದ್ದು ನನ್ನ ಪ್ರೋಗ್ರಾಮಿನ ತಪ್ಪಿನಿಂದ, ಬಾಗಿಲು ತೆರೆದವರದು ತಪ್ಪಿಲ್ಲ. ಸಹಿ ಹಾಕಿದೆ. ಪ್ರಭುಲಿಂಗಪ್ಪ ಓದಿ, ಕೀಲಿಗೊಂಚಲನ್ನು ಮುಸ್ತಾಕನ ಕಡೆಗೆ ಸರಿಸಿದರು.

ಆರಕ್ಕೆ ಎರಡು ನಿಮಿಷವಿತ್ತು. ಮುಸ್ತಾಕ್ ಕೀಲಿ ತೆಗೆದುಕೊಂಡವನೇ ಚೇಂಬರಿನತ್ತ ನಡೆದ. ನಾನು ಹಿಂದೆ ಹೋದೆ. ನಿನ್ನೆ ಕೇಳದ ಪ್ರಶ್ನೆಯನ್ನು ಈಗ ಕೇಳಿದೆ.

"ದಿನಾ ಆರಕ್ಕ ಬಾಗಲಾ ಯಾಕ ತಗೀತೀರಿ, ಭಾಯಿ?"

ಅವನು ಬುತ್ತಿಚೀಲದಿಂದ ಒಂದು ನೋಟ್‌ಬುಕ್ ತೆಗೆದ. ಪ್ರತಿ ಪುಟದಲ್ಲೂ ತಾರೀಖು, ಪಕ್ಕದಲ್ಲಿ ಒಂದು ಅಂಕಿ. "ಒಳಗ ಪಾದರಸದ ಹಳೇ ಥರ್ಮಾಮೀಟರ್ ಐತ್ರಿ. ದಿನಾ ನೋಡಿ ಬರಕೋತೇನಿ."

"ಬೋರ್ಡ್ ಬರೀತದಲ್ರಿ."

"ಅದಕ್ಕರಿ. ನಿಮ್ಮ ಬೋರ್ಡ್ ಬಂದ ದಿನದಿಂದ ನನಗ ಅದರ ಮ್ಯಾಲ ಸಂಶೆ ಐತಿ."

ಆರು ಹೊಡೆಯಿತು. ಬೋರ್ಡಿನ ಹಸಿರು ದೀಪ ಮಿಟುಕಿಸತೊಡಗಿತು. ಟ್ರೀ ಅಳಿಸುವ ಕೆಲಸ ಶುರುವಾಗಿತ್ತು. ಮುಸ್ತಾಕ್ ನನ್ನ ಮುಖ ನೋಡಿ, ಬಾಗಿಲು ತೆರೆದು ಒಳಗೆ ಹೋದ. ನಾನು ದೀಪದ ಮೇಲಿಂದ ಕಣ್ಣು ತೆಗೆಯಲಿಲ್ಲ. ಒಂದೂವರೆ ನಿಮಿಷ ಕಳೆಯಿತು, ದೀಪ ಸ್ಥಿರವಾಯಿತು. ಮಶಿನ್ ಓಡುತ್ತಲೇ ಇತ್ತು.

ಅವನು ಹೊರಬಂದು ಅಂಕಿ ಹೇಳಿದ. ಬೋರ್ಡಿನಲ್ಲಿಯೂ ಅದೇ ಅಂಕಿ ಇತ್ತು.

"ಸರಿ ಐತಲ್ರಿ ಈಗ?" ಎಂದೆ.

"ಇವತ್ತ ಸರಿ ಐತ್ರಿ," ಎಂದ ಮುಸ್ತಾಕ್, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ. "ನಾಳೆ ಮತ್ತ ನೋಡ್ತೇನಿ."