ಮೊದಲು ವಾರ, ಆಮೇಲೆ ಮಂಡಿ

ಅಕ್ಕ ಕೆಲಸ ಬಿಡುವ ದಿನ ನನ್ನ ಫೋನಿಗೆ ಮಾರುದ್ದದ ಟಿಪ್ಪಣಿ ಕಳಿಸಿದಳು. ಅವಳು ನನ್ನ ಒಡಹುಟ್ಟಿದ ಅಕ್ಕನಲ್ಲ. ಫಿಸಿಯೋಥೆರಪಿ ಕ್ಲಿನಿಕ್ಕಿನ ವಿಡಿಯೊ ಚಾನೆಲ್ ನೋಡಿಕೊಳ್ಳುತ್ತಿದ್ದವಳು, ಅಲ್ಲಿ ಎಲ್ಲರಿಗೂ ಅಕ್ಕ. ಅವಳ ಜಾಗಕ್ಕೆ ಬಂದ ನಾನು, ಕಾಲೇಜು ಮುಗಿದ ಕೂಡಲೇ ಬ್ಯಾಗ್ ಎಳೆದುಕೊಂಡು ಓಡಿಬರುವ ಗಿರಗಿಟ್ಲೆ. ಆ ಹೆಸರಿಟ್ಟಿದ್ದೂ ಅವಳೇ.

"ಪೂರ್ತಿ ಓದೇ ಗಿರಗಿಟ್ಲೆ. ನಿಯಮ ಒಂದೊಂದು ಸಾಲು ಅಷ್ಟೇ, ಕಾರಣ ಉದ್ದ ಇದೆ. ಕಾರಣ ಬಿಟ್ಟು ಓದಿದ್ರೆ ನಿಯಮ ಬರೀ ಕಿರಿಕಿರಿ ಅನ್ಸತ್ತೆ."

"ಓದ್ತೀನಿ ಅಕ್ಕ, ನಿನ್ನಾಣೆ!"

ನಿಯಮಗಳನ್ನಷ್ಟೇ ಓದಿದೆ. ವಿಡಿಯೊ ಹೆಸರಿನಲ್ಲಿ ಮೊದಲು ವಾರ, ಆಮೇಲೆ ಅಂಗ, ಕೊನೆಗೆ ವ್ಯಾಯಾಮ: 'ವಾರ 6, ಮಂಡಿ ಆಪರೇಷನ್ ನಂತರ, ಮೆಟ್ಟಿಲು ಹತ್ತುವುದು'. 'ಸುಲಭ' ಎಂಬ ಪದ ಎಲ್ಲೂ ಬೇಡ. ಟ್ಯಾಗ್‌ಗಳಲ್ಲಿ ಜನ ತಪ್ಪುತಪ್ಪಾಗಿ ಟೈಪ್ ಮಾಡುವ ಪದಗಳೂ ಇರಲಿ, 'ಮಂಡಿ ನೋವು' ಮಾತ್ರ ಬೇಡ. ಓದುತ್ತಲೇ ಆಕಳಿಕೆ ಬಂತು. ಇಂಥ ಒಣ ಹೆಸರಿಟ್ಟರೆ ಯಾರು ನೋಡುತ್ತಾರೆ?

ಬಸ್ಸಿನಲ್ಲಿ ನಿಂತುಕೊಂಡೇ ಹೆಸರುಗಳನ್ನು ಒಂದೊಂದಾಗಿ ತಿದ್ದಿದೆ. ಮೆಟ್ಟಿಲಿನ ವಿಡಿಯೊ ಹೀಗಾಯಿತು: 'ಮಂಡಿ ನೋವಿಗೆ ಐದೇ ನಿಮಿಷದ ಸುಲಭ ವ್ಯಾಯಾಮ, ಮನೆಯಲ್ಲೇ ಮಾಡಿ, ಆಪರೇಷನ್ ನಂತರ, ವಾರ 6'. ಟ್ಯಾಗ್ ಪಟ್ಟಿಗೆ 'ಮಂಡಿ ನೋವು' ಕೂಡ ಸೇರಿಸಿದೆ. ನೋಡುವವರ ಸಂಖ್ಯೆ ಜಿಗಿಯಿತು, ಅದರ ಜೊತೆ ನಾನೂ.

ಒಂದು ಬೆಳಿಗ್ಗೆ, ನನ್ನ ಫೋನಿನಲ್ಲೂ ಇದ್ದ ಕ್ಲಿನಿಕ್ಕಿನ ನಂಬರಿಗೆ ಸಂದೇಶ ಬಂತು. ಮಂಡಿ ಆಪರೇಷನ್ ಆಗಿದ್ದ ಬಸ್ ಡ್ರೈವರ್ ಒಬ್ಬರು ಬರೆದಿದ್ದರು: 'ನನಗೀಗ ಎರಡನೇ ವಾರ. ಸುಲಭ ಅಂತ ಮೆಟ್ಟಿಲಿನ ವ್ಯಾಯಾಮ ಮಾಡಿದೆ. ಮಂಡಿ ಊದಿಕೊಂಡಿದೆ. ಬರಲಾ?'

ತಕ್ಷಣ ಬನ್ನಿ ಎಂದು ಉತ್ತರಿಸಿ, ಚಾನೆಲ್ಲನ್ನು ನೋಡುಗರ ಹಾಗೆ ತೆರೆದೆ. ಪಟ್ಟಿಯಲ್ಲಿ ಹೆಸರು 'ಮಂಡಿ ನೋವಿಗೆ ಐದೇ ನಿಮಿಷದ ಸುಲಭ ವ್ಯಾಯಾಮ, ಮನೆಯಲ್ಲೇ…' ಎನ್ನುವಲ್ಲಿಗೆ ಕತ್ತರಿಸಿಹೋಗಿತ್ತು. ವಾರ ಆ ಚುಕ್ಕೆಗಳ ಹಿಂದೆ ಎಲ್ಲೋ ಇತ್ತು.

ಆಗ ಕಾರಣ ಓದಿದೆ. 'ಫೋನಿನಲ್ಲಿ ಉದ್ದ ಹೆಸರಿನ ಬಾಲ ಕಾಣುವುದಿಲ್ಲ. ವಿಡಿಯೊದಲ್ಲಿ ಮೇಡಂ ವ್ಯಾಯಾಮ ತೋರಿಸುತ್ತಾರೆ, ವಾರ ಹೇಳುವುದಿಲ್ಲ. ಹೆಸರಿನ ಮೊದಲ ಪದವೇ ಎಚ್ಚರಿಕೆ. ಮಂಡಿ ನೋವು ಎಂದು ಹುಡುಕುವವರು ನೋವು ತಿನ್ನುತ್ತಿರುವವರು, ಸುಲಭ ಎಂದಿದ್ದನ್ನೇ ಮೊದಲು ಒತ್ತುತ್ತಾರೆ.'

ಮುಂದೆ ಓದುವ ಧೈರ್ಯ ಸಾಲಲಿಲ್ಲ. ಎಲ್ಲ ಹೆಸರುಗಳನ್ನೂ ಮೊದಲಿನಂತೆ ಮಾಡಿದೆ, ಟ್ಯಾಗ್ ಕಿತ್ತುಹಾಕಿದೆ. ಯಾರಿಗೂ ಹೇಳಲಿಲ್ಲ.

ನಾನು ಕ್ಲಿನಿಕ್ ಮುಟ್ಟುವಷ್ಟರಲ್ಲಿ ಡ್ರೈವರ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಹೆಂಡತಿ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದರು. ಫಿಸಿಯೋಥೆರಪಿಸ್ಟ್ ಮೇಡಂ ಮಂಡಿಯ ಸುತ್ತ ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿದ್ದರು.

"ಎರಡನೇ ವಾರಕ್ಕೇ ಮೆಟ್ಟಿಲಾ? ಹೆಸರಲ್ಲೇ ಆರನೇ ವಾರ ಅಂತ ಬರ್ದಿದೆಯಲ್ಲ ಸ್ವಾಮಿ!"

"ಇರ್ಲಿಲ್ಲ ಮೇಡಂ. ಸುಲಭ ಅಂತಿತ್ತು. ಬೇಕಾದ್ರೆ ತೋರಿಸ್ತೀನಿ ತಾಳಿ."

ಫೋನ್ ತೆಗೆದರು, ವಿಡಿಯೊ ಹುಡುಕಿದರು. ಮುಖ ಸಪ್ಪಗಾಯಿತು. ಫೋನನ್ನು ಹತ್ತಿರ ತಂದರು, ದೂರ ಹಿಡಿದರು.

ಹೆಂಡತಿ ಬಗ್ಗಿ ನೋಡಿದರು. "ವಾರ ಆರು ಅಂತ ಶುರುನಲ್ಲೇ ಇದೆಯಲ್ರೀ! ಇದೇ ಕಣ್ಣಿಟ್ಕೊಂಡಾ ಊರ ಜನನ್ನೆಲ್ಲ ಬಸ್ಸಲ್ಲಿ ಕೂರಿಸ್ಕೊಂಡು ಹೋಗೋದು?"

"ಸುಲಭ ಅಂತಾನೇ ಇತ್ತು ಕಣೇ… ಕಣ್ಣಾರೆ ನೋಡಿದ್ದೀನಿ." ಕಣ್ಣುಜ್ಜಿಕೊಂಡರು. ದನಿ ತಗ್ಗಿತು. "ಕಣ್ಣೂ ಕೈಕೊಡ್ತಾ ಹಾಗಾದ್ರೆ? ಡ್ರೈವರ್‌ಗಳ ಮೆಡಿಕಲ್ ಟೆಸ್ಟ್‌ನಲ್ಲಿ ಪಾಸ್ ಮಾಡ್ತಾರಾ ನನ್ನ?"

ಮೇಡಂ ಆಗಲೇ ಚೀಟಿ ತೆಗೆದುಕೊಂಡಿದ್ದರು. "ಯಾವುದಕ್ಕೂ ಕಣ್ಣಿನ ಡಾಕ್ಟರ್‌ಗೆ ಒಂದ್ಸಲ ತೋರಿಸ್ಬಿಡಿ."

ತಿದ್ದಿ ತಪ್ಪಿಸಿಕೊಂಡೆ ಅಂದುಕೊಂಡಿದ್ದೆ. ಮಂಡಿ ಕೆಡಿಸಿದ್ದು ಸಾಲದೆ ಆ ಮನುಷ್ಯನ ಕಣ್ಣನ್ನೂ ಕಿತ್ತುಕೊಂಡಿದ್ದೆ.

"ಅಂಕಲ್, ನಿಮ್ಮ ಕಣ್ಣು ಸರಿ ಇದೆ," ಎಂದೆ. "ಸುಲಭ ಅಂತಾನೇ ಇತ್ತು. ಹಾಗೆ ಬರ್ದಿದ್ದೂ ನಾನೇ. ಇವತ್ತು ಬೆಳಿಗ್ಗೆ ನಿಮ್ಮ ಮೆಸೇಜ್ ನೋಡಿ ಅಳಿಸಿದ್ದೂ ನಾನೇ."

ಮೇಡಂ ಪೆನ್ನು ನಿಂತಿತು. ಡ್ರೈವರ್ ಮಾತ್ರ ದೊಡ್ಡದಾಗಿ ಉಸಿರುಬಿಟ್ಟು ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ತಾ? ಕಣ್ಣು ಸರಿ ಇದೆಯಂತೆ!"

ಹೆಂಡತಿ ನಗಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದರು. "ಮಂಡಿ?"

ಮೇಡಂ ಹೇಳಿದರು: "ಊತ ಇಳೀಬೇಕು, ಸರ್ಜನ್ ಒಂದ್ಸಲ ನೋಡ್ಬೇಕು. ಡ್ಯೂಟಿಗೆ ಹೋಗೋದು ತಡ ಆಗತ್ತೆ." ಆಮೇಲೆ ನನ್ನ ಕಡೆ ನೋಡಿದರು. "ಹೆಸರು ತಪ್ಪಾಗಿತ್ತು ಅಂತ ಚಾನೆಲ್‌ನಲ್ಲಿ ಬರಿ. ಎಲ್ಲರಿಗೂ ಕಾಣೋ ಹಾಗೆ ಮೇಲೇ ಇರಲಿ. ಇವರು ಬಂದು ಹೇಳಿದ್ರು, ಹೇಳದೇ ಇರೋರು ಎಷ್ಟು ಜನಾನೋ."

ಫೋನ್ ತೆಗೆಯಲು ಹೋದೆ. ಹೆಂಡತಿ ಮಂಚದ ಪಕ್ಕದಲ್ಲಿದ್ದ, ಟವೆಲಿನಲ್ಲಿ ಸುತ್ತಿದ ಐಸನ್ನು ನನ್ನ ಕೈಗಿತ್ತರು.

"ಅದಕ್ಕೆ ಮೊದ್ಲು ಇದನ್ನ ಹಿಡ್ಕೊಳಮ್ಮ. ನಾನು ಅವರ ಆಫೀಸಿಗೆ ಫೋನ್ ಮಾಡಿ ರಜೆ ಹೇಳ್ಬೇಕು."

ಮಂಡಿಗೆ ಐಸ್ ಹಿಡಿದು ಕೂತೆ. ಬಾಗಿಲಾಚೆ ಹೆಂಡತಿ ಆಫೀಸಿನವರಿಗೆ "ನಮ್ಮನೆಯವ್ರು ಗೊತ್ತಿಲ್ದೆ ಮಾಡ್ಕೊಂಡ್ರು ಸಾರ್" ಎನ್ನುತ್ತಿದ್ದರು. ನನ್ನ ಹೆಸರು ಎತ್ತಲಿಲ್ಲ. ಬೆರಳು ಮರಗಟ್ಟಿದರೂ ಕೈ ಬದಲಿಸಲು ಮನಸ್ಸಾಗಲಿಲ್ಲ.